ಫ್ಯಾನು ನಿಂತಾಗ ಮೇಲೆ ನೋಡಿ

ಕಳೆದ ಮೇ ತಿಂಗಳ ಒಂದು ರಾತ್ರಿ, ಹನ್ನೆರಡೂವರೆಗೆ ಕರೆಂಟು ಹೋಯಿತು. ಅಮೀರ್‌ಪೇಟ್‌ನ ಒಂದು ಗಲ್ಲಿಯಲ್ಲಿ, ನಾಲ್ಕನೇ ಮಹಡಿಯಲ್ಲಿ ನಮ್ಮ ಮನೆ. ಅದರ ಮೇಲೆ ತಾರಸಿ ಬಿಟ್ಟರೆ ಬೇರೇನೂ ಇಲ್ಲ. ಕೂಲರು ನಿಂತು ಐದು ನಿಮಿಷವಾಗಿರಲಿಲ್ಲ, ಐದು ತಿಂಗಳ ಮಗಳು ಎದ್ದು ಅಳತೊಡಗಿದಳು. ಕೈ ಮುಟ್ಟಿದೆ, ತಣ್ಣಗಿತ್ತು. ಕತ್ತಿನ ಹಿಂಭಾಗ ಮುಟ್ಟಿದರೆ ಸುಡುತ್ತಿತ್ತು, ಬೆವರಿನಿಂದ ಅಂಟುತ್ತಿತ್ತು. ಮಗುವಿಗೆ ಸೆಕೆಯೋ ಅಲ್ಲವೋ ಎಂದು ತಿಳಿಯಬೇಕಾದರೆ ಮುಟ್ಟಬೇಕಾದದ್ದು ಕತ್ತನ್ನು ಅಥವಾ ಎದೆಯನ್ನು. ಕೈಕಾಲು ಮೋಸ ಮಾಡುತ್ತವೆ.

ನಾನು ಅನುವಾದದಿಂದ ಹೊಟ್ಟೆ ಹೊರೆಯುವವಳು. ಶಿಶುಪಾಲನೆಯ ಕೈಪಿಡಿಗಳನ್ನೂ ಕನ್ನಡಕ್ಕೆ ತಂದಿದ್ದೇನೆ. ಮಗು ಮಲಗುವ ಕೋಣೆ 16ರಿಂದ 20 ಡಿಗ್ರಿ ಇರಲಿ ಎಂಬ ಬ್ರಿಟನ್ನಿನ ಸಲಹೆಯನ್ನು ಎಷ್ಟೋ ಸಲ ಮರುಮಾತಿಲ್ಲದೆ ಕನ್ನಡಿಸಿದ್ದೇನೆ. ಆ ರಾತ್ರಿ ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರು 36 ತೋರಿಸುತ್ತಿತ್ತು. ಹೊರಗೆ ಬಾಲ್ಕನಿಯಲ್ಲಿ 31. ಕರೆಂಟು ಹೋಗಿದ್ದು ಈ ಐದು ಡಿಗ್ರಿಗೆ ಕಾರಣವಲ್ಲ. ಕಾರಣ ನಮ್ಮ ತಲೆಯ ಮೇಲಿದ್ದ ಸ್ಲ್ಯಾಬು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಅದನ್ನು ಇಡೀ ರಾತ್ರಿ ಒಳಗೆ ಕಾರುತ್ತಿರುತ್ತದೆ. ಫ್ಯಾನು ಅದನ್ನು ನಮ್ಮಿಂದ ಮುಚ್ಚಿಡುತ್ತಿತ್ತು, ಅಷ್ಟೆ.

ಆಗ ಮಾಡಿದ್ದು ಇಷ್ಟು. ಬಾಗಿಲು, ಕಿಟಕಿ ತೆರೆದೆವು. ಹಾಸಿಗೆಯ ಮೇಲಿನ ರಬ್ಬರ್ ಶೀಟು ತೆಗೆದೆವು. ಅದು ಬೆನ್ನಿನ ಬೆವರನ್ನು ಆರಲು ಬಿಡುವುದಿಲ್ಲ. ನೆಲದ ಮೇಲೆ ಚಾಪೆ, ತೆಳು ಹತ್ತಿ ಬಟ್ಟೆ ಬಿಗಿಯಾಗಿ ಹಾಸಿ, ಮಗುವನ್ನು ಲಂಗೋಟಿಯಲ್ಲೇ ಅಂಗಾತ ಮಲಗಿಸಿದೆವು. ನಲ್ಲಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕತ್ತು, ಕಂಕುಳು, ತೊಡೆಸಂದಿ ಒರೆಸಿ, ನಿಧಾನವಾಗಿ ಬೀಸಣಿಗೆ ಬೀಸಿದೆವು. ತಂಪು ಮಾಡುವುದು ನೀರಲ್ಲ, ಅದು ಆರುವುದು. ಹಾಗಾಗಿ ಐಸ್ ನೀರು ಬೇಕಿಲ್ಲ. ಒದ್ದೆ ಬಟ್ಟೆಯನ್ನು ಮಗುವಿನ ಮೇಲೆ ಹೊದಿಸುವುದಾಗಲಿ, ತೊಟ್ಟಿಲಿಗೆ ಮುಚ್ಚುವುದಾಗಲಿ ಕೂಡದು, ಗಾಳಿಯೇ ನಿಂತುಹೋಗುತ್ತದೆ. ಆರು ತಿಂಗಳು ತುಂಬದ ಮಗುವಿಗೆ ನೀರು ಕುಡಿಸುವಂತಿಲ್ಲವಾದ್ದರಿಂದ ಮತ್ತೆ ಮತ್ತೆ ಹಾಲೂಡಿಸಿದೆ, ನೀರು ನಾನು ಕುಡಿದೆ.

ಈ ಉಪಾಯಕ್ಕೂ ಮಿತಿಯಿದೆ. ತೆಲುಗಿನಲ್ಲಿ ಬಿಸಿಲಿಗೆ 'ಎಂಡ' ಎಂದರೆ, ಬೆವರು ಆರದ ಸೆಕೆಗೆ 'ಉಕ್ಕಪೋತ' ಎಂಬ ಬೇರೆಯದೇ ಮಾತಿದೆ. ಒಣಹವೆಯ ಹೈದರಾಬಾದಿನಲ್ಲಿ ಕಿಟಕಿಗೆ ಒದ್ದೆ ಸೀರೆ ಕಟ್ಟಿದರೆ ಕೋಣೆ ತಂಪಾಗುತ್ತದೆ. ಮಳೆ ಬರುವ ಮುಂಚಿನ ಉಕ್ಕಪೋತದ ದಿನಗಳಲ್ಲೋ ಮಂಗಳೂರಿನಲ್ಲೋ ಅದೇ ಸೀರೆ ತೇವವನ್ನು ಹೆಚ್ಚಿಸುತ್ತದೆ, ಅಷ್ಟೆ.

ಮಗಳು ನಿದ್ದೆ ಹೋಗಿದ್ದು ಮಾತ್ರ ಇದ್ಯಾವುದರಿಂದಲೂ ಅಲ್ಲ. ಅಳು ಕೇಳಿ ಮೊದಲ ಮಹಡಿಯ ಆಂಟಿ ಟಾರ್ಚು ಹಿಡಿದು ಬಂದರು. "ಪೈನ ವದ್ದಮ್ಮಾ, ಕಿಂದಿಕಿ ರಾ" ಎಂದರು. ಮೇಲೆ ಬೇಡಮ್ಮಾ, ಕೆಳಗೆ ಬಾ. ಅವರ ಮನೆಯಲ್ಲೂ ಕರೆಂಟಿರಲಿಲ್ಲ, ಆದರೆ ತಲೆಯ ಮೇಲೆ ಕಾದ ಸ್ಲ್ಯಾಬಿರಲಿಲ್ಲ. ಕಾಲು ಗಂಟೆಯಲ್ಲಿ ಮಗಳ ಕತ್ತು ಒಣಗಿತ್ತು. ನಿದ್ದೆ ಬಂದಿತ್ತು.

ಆಂಟಿ ಹೇಳಿದ್ದನ್ನೇ ಅಹಮದಾಬಾದಿನ ಆಸ್ಪತ್ರೆಯೊಂದು ಕಷ್ಟಪಟ್ಟು ಕಲಿತಿತ್ತು. 2010ರ ಮೇನಲ್ಲಿ ಆ ಊರಿನ ತಾಪ 46.8 ಡಿಗ್ರಿ ಮುಟ್ಟಿದಾಗ, ಅಲ್ಲಿನ ಶಾರದಾಬೆನ್ ಆಸ್ಪತ್ರೆಯ ಹೆರಿಗೆ ವಾರ್ಡು ಮೇಲಿನ ಮಹಡಿಯಲ್ಲಿತ್ತು. ಅದನ್ನು ಕೆಳಗಿಳಿಸಿದ ಮೇಲೆ, ಸೆಕೆಯಿಂದ ಕಾಯಿಲೆ ಬಿದ್ದು ನವಜಾತ ಶಿಶುಗಳ ಘಟಕ ಸೇರುವವರ ಸಂಖ್ಯೆ ಇಳಿಯಿತೆಂದು 2014ರ ಅಧ್ಯಯನವೊಂದು ದಾಖಲಿಸಿತು.

ಎಲ್ಲರಿಗೂ ಕೆಳಗೊಬ್ಬ ಆಂಟಿ ಇರುವುದಿಲ್ಲ. ಹಾಗಾಗಿ ಸ್ಲ್ಯಾಬೇ ಬದಲಾಗಬೇಕು. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ತಾರಸಿಯ ನೀತಿಯನ್ನೇ ತಂದಿದೆ: ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣವೋ ಬಿಳಿ ಟೈಲೋ ಇರಬೇಕು. ಆದರೆ ವಾಸದ ಮನೆಗಳ ಮಟ್ಟಿಗೆ ಅದು ಕಡ್ಡಾಯವಾಗಿರುವುದು 600 ಗಜ ಹಾಗೂ ಅದಕ್ಕೂ ದೊಡ್ಡ ನಿವೇಶನಗಳಿಗೆ. ಅಮೀರ್‌ಪೇಟ್‌ನ ನಮ್ಮ ಗಲ್ಲಿಯ ಮನೆಗಳು ನೂರಿನ್ನೂರು ಗಜದವು. ಹಾಸ್ಟೆಲುಗಳು, ಬಾಡಿಗೆ ಪೋರ್ಷನ್‌ಗಳು, ತಾರಸಿಯ ಕೆಳಗೆ ಅಗ್ಗಕ್ಕೆ ಸಿಗುವ ಕೋಣೆಗಳು ಇರುವುದು ಇಂಥ ಮನೆಗಳಲ್ಲೇ. ದೊಡ್ಡ ಮನೆಯವರಿಗೆ ಇನ್ವರ್ಟರಾದರೂ ಇರುತ್ತದೆ. ಕಡ್ಡಾಯವಾಗಬೇಕಿದ್ದ ಕಡೆ ಐಚ್ಛಿಕವಾಗಿದೆ ಎಂಬುದು ನನ್ನ ತಕರಾರು. ಬಾಡಿಗೆಗೆ ಕೊಡುವ ಕಟ್ಟಡಗಳಿಗಾದರೂ, ನಿವೇಶನ ಎಷ್ಟೇ ಚಿಕ್ಕದಿರಲಿ, ಈ ನಿಯಮ ಬರಬೇಕು.

ನಾವು ಕಾಯಲಿಲ್ಲ. ಓನರನ್ನು ಒಪ್ಪಿಸಿ, ತಾರಸಿ ಗುಡಿಸಿ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಕೋಟು ಬಳಿದೆವು. ಮಳೆಗೆ ತೊಳೆದುಹೋಗುತ್ತದೆ, ಪ್ರತಿ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ಮುಂದಿನ ಸಲ ರಾತ್ರಿ ಕರೆಂಟು ಹೋದಾಗ ಥರ್ಮಾಮೀಟರು 33 ತೋರಿಸಿತು. ಬ್ರಿಟನ್ನಿನ ಕೈಪಿಡಿಗೆ ಅದೂ ಸಾಲದು. ಮಗಳು ಏಳಲಿಲ್ಲ.

ಒಂದು ಮಾತು ಬಾಕಿಯಿದೆ. ಮಗು ಹಾಲು ಕುಡಿಯಲೊಲ್ಲದೆ ಮಂಕಾಗಿ ಜೋತುಬಿದ್ದರೆ, ಆರು ಗಂಟೆ ಕಳೆದರೂ ಮೂತ್ರ ಮಾಡದಿದ್ದರೆ, ಅಥವಾ ಒರೆಸಿ ಬೀಸಿದರೂ ಮೈ ಕಾದೇ ಇದ್ದರೆ, ಅದು ಬೀಸಣಿಗೆಯ ಕೆಲಸವಲ್ಲ. ಅಳುವ ಮಗುವಿಗಿಂತ ಅಳು ನಿಲ್ಲಿಸಿ ಸುಮ್ಮನಾದ ಮಗುವಿಗೆ ಹೆದರಬೇಕು. ಕರೆಂಟು ಬರಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.