10 ರೂಪಾಯಿಯ ಯೂನಿಟ್ ನಿಜಕ್ಕೂ ಅಗ್ಗವೇ?

ಹೊಸ ಮ್ಯೂಚುವಲ್ ಫಂಡ್‌ನ ಯೂನಿಟ್ 10 ರೂಪಾಯಿ, ಹಳೆಯದರದ್ದು 500. ಹಾಗಾಗಿ ಹೊಸದೇ ಅಗ್ಗ ಎನ್ನುವವರನ್ನು ನಾವು ಆಗಾಗ ಕಾಣುತ್ತೇವೆ. ಎರಡೂ ನಿಫ್ಟಿ 50 ಸೂಚ್ಯಂಕದ ಫಂಡ್‌ಗಳು ಎಂದುಕೊಳ್ಳೋಣ. 10,000 ರೂಪಾಯಿ ಹಾಕಿದರೆ ಹೊಸದರಲ್ಲಿ 1,000 ಯೂನಿಟ್ ಸಿಗುತ್ತದೆ, ಹಳೆಯದರಲ್ಲಿ ಬರೀ 20. ಆದರೆ ಎರಡೂ ಕಡೆ ನಿಮ್ಮ ಹಣ ಇರುವುದು ಅದೇ ಕಂಪನಿಗಳ ಷೇರುಗಳಲ್ಲಿ. ಅವು ಶೇ. 12ರಷ್ಟು ಏರಿದರೆ, ಖರ್ಚು ಬದಿಗಿಟ್ಟು ನೋಡಿದಾಗ, 10 ರೂಪಾಯಿ 11.20 ಆಗುತ್ತದೆ, 500 ರೂಪಾಯಿ 560 ಆಗುತ್ತದೆ. ಯೂನಿಟ್‌ಗಳ ಸಂಖ್ಯೆಯಿಂದ ಗುಣಿಸಿ ನೋಡಿ, ಎರಡೂ 11,200 ರೂಪಾಯಿಯೇ! ಹಳೆಯ ಫಂಡ್ ಕೂಡ ಒಮ್ಮೆ 10 ರೂಪಾಯಿಗೇ ಶುರುವಾಗಿ, ವರ್ಷಗಳಲ್ಲಿ ಬೆಳೆದು 500 ಮುಟ್ಟಿರಬಹುದು. ನಿಮ್ಮ ಜೇಬಿಗೆ ತಟ್ಟುವ ಬೆಲೆ ಬೇರೆಯೇ ಇದೆ: ವಾರ್ಷಿಕ ವೆಚ್ಚದ ಅನುಪಾತ. ಅದು ಶೇ. 0.2 ಇದ್ದರೆ 10,000 ರೂಪಾಯಿಗೆ ವರ್ಷಕ್ಕೆ ಸುಮಾರು 20 ರೂಪಾಯಿ, ಶೇ. 1 ಇದ್ದರೆ 100.