ಹರಿತವಾದ ಅಸ್ತ್ರ ವಿರಳವಾಗಿರಲಿ

ಕಲ್ಲು–ಕಾಗದ–ಕತ್ತರಿ ಆಟದಲ್ಲಿ ಮೂರನ್ನೂ ಸಮಪಾಲಿನಲ್ಲಿ, ಕ್ರಮವಿಲ್ಲದೆ ತೋರಿಸುವವರ ವಿರುದ್ಧ ಎಂಥ ಜಾಣನಿಗೂ ದೀರ್ಘಕಾಲದಲ್ಲಿ ಮೇಲುಗೈ ಸಿಗದು. ಆದರೆ ಅಸ್ತ್ರಗಳ ಬಲ ಬೇರೆಬೇರೆಯಾದರೆ ಪಾಲೂ ಬದಲಾಗಬೇಕು.

1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತ ನಮ್ಮ ಬಿ. ಎಸ್. ಚಂದ್ರಶೇಖರ್ ಅವರನ್ನು ನೆನೆಯೋಣ. ಗೂಗ್ಲಿಯ ನಡುವೆ ಅವರ ವೇಗದ ಎಸೆತವೂ ಬರುತ್ತಿತ್ತು. ಲೆಕ್ಕಕ್ಕಾಗಿ ಹೀಗೆ ಊಹಿಸೋಣ: ದಾಂಡಿಗನ ಎಣಿಕೆ ತಪ್ಪಿದರೆ ವೇಗದ ಎಸೆತಕ್ಕೆ ವಿಕೆಟ್ ಬೀಳುವ ಸಾಧ್ಯತೆ ಶೇ. 30, ಗೂಗ್ಲಿಗೆ ಶೇ. 10, ಎಣಿಕೆ ಸರಿಯಾದರೆ ಸೊನ್ನೆ.

ಎರಡನ್ನೂ ಅರ್ಧರ್ಧ ಎಸೆದರೆ ದಾಂಡಿಗ ಸದಾ ವೇಗವನ್ನೇ ಕಾಯುತ್ತಾನೆ. ಬೌಲರ್‌ಗೆ ದಕ್ಕುವುದು ಶೇ. 5 ಮಾತ್ರ. ವೇಗದ್ದನ್ನು ನಾಲ್ಕರಲ್ಲಿ ಒಂದಕ್ಕೆ ಇಳಿಸಿದರೆ, ಅವನು ಯಾವುದನ್ನು ಕಾದರೂ ಶೇ. 7.5 ಖಚಿತ. ಹರಿತವಾದ ಅಸ್ತ್ರವನ್ನೇ ಕಡಿಮೆ ಬಳಸಬೇಕೆಂಬುದು ಇಲ್ಲಿನ ಸೋಜಿಗ.

ಆದರೆ ಪ್ರತಿ ನಾಲ್ಕನೆಯದೇ ವೇಗದ ಎಸೆತವಾದರೆ ಎಣಿಸಬಲ್ಲ ದಾಂಡಿಗನಿಗೆ ಲೆಕ್ಕ ಸಿಕ್ಕಿತು. ಪಾಲು ನಿಶ್ಚಿತ, ಸರದಿ ಅನಿಶ್ಚಿತ: ಇದೇ ನಿಜವಾದ ರಕ್ಷಣೆಯೆಂದು ನಾವು ಭಾವಿಸುತ್ತೇವೆ.