ಪೋರಂಬೋಕು ಅಂದರೆ ಪಾಳುಭೂಮಿಯಲ್ಲ

ಕಂದಾಯದ ಕಡತದಲ್ಲಿ ‘ಪೋರಂಬೋಕು’ ಎಂದು ಬರೆದ ಜೌಗು ನೆಲ ಕಂಡರೆ ಸಾಕು, “ಸುಮ್ನೆ ಬಿದ್ದಿದೆ, ಮಣ್ಣು ತುಂಬಿಸಿ ಸೈಟು ಮಾಡಿ” ಅನ್ನುವವರು ನಮ್ಮ ಹೊಸೂರಿನ ಕಡೆಯೂ ಹೆಚ್ಚಾಗಿದ್ದಾರೆ. ಅಂಥವರು ಒಮ್ಮೆ ಚೆನ್ನೈನ ಪಳ್ಳಿಕರಣೆಗೆ ಹೋಗಿ ಬರಲಿ.

ನಗರದ ತೆಂಕಣದಲ್ಲಿರುವ ಈ ಜೌಗು ಹಿಂದೆ ಸುಮಾರು 5,000 ಹೆಕ್ಟೇರ್ ಹರಡಿತ್ತು. ಸುತ್ತಲಿನ ಹತ್ತಾರು ಕೆರೆಗಳ ಕೋಡಿ ನೀರು ಇಲ್ಲಿಗೆ ಬಂದು, ನಿಂತು, ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆ ಸೇರಿ ಸಮುದ್ರಕ್ಕೆ ಹೋಗುತ್ತಿತ್ತು. ಆಮೇಲೆ ಅದರ ಮೇಲೆ ಕಸದ ಗುಡ್ಡೆ ಬಂತು, ರಸ್ತೆ, ರೈಲು ನಿಲ್ದಾಣ, ಐಟಿ ಕಚೇರಿಗಳು ಬಂದವು. ಬಹುಪಾಲು ಜೌಗು ಮಣ್ಣಿನಡಿ ಹೋಯಿತು.

ಹೋದದ್ದೇನು? ಲೆಕ್ಕ ಹಾಕೋಣ. ಒಂದು ಎಕರೆಯಲ್ಲಿ ಒಂದಡಿ ನೀರು ನಿಂತರೆ ಸುಮಾರು 12 ಲಕ್ಷ ಲೀಟರ್. ಅಂದರೆ 12,000 ಲೀಟರಿನ ನೂರು ಟ್ಯಾಂಕರ್. ಆ ಎಕರೆಗೆ ಮಣ್ಣು ತುಂಬಿದರೆ ನೂರು ಟ್ಯಾಂಕರ್ ನೀರು ಮಾಯವಾಗುತ್ತದೆಯೇ? ಪಕ್ಕದವರ ಮನೆಗೆ ನುಗ್ಗುತ್ತದೆ. 2015ರ ಡಿಸೆಂಬರಿನಲ್ಲಿ ಪಕ್ಕದ ವೇಳಚೇರಿಯಲ್ಲಿ ಜನ ಕಂಡದ್ದು ಇದನ್ನೇ. ಆ ವರ್ಷ ಮಳೆಯೂ ವಿಪರೀತ, ಅಡ್ಯಾರ್ ನದಿಯೂ ಉಕ್ಕಿತ್ತು, ನಿಜ. ಆದರೆ ಬಂದ ನೀರಿಗೆ ನಿಲ್ಲುವ ತಾವೇ ಇರಲಿಲ್ಲವಲ್ಲ!

“ದೊಡ್ಡ ಚರಂಡಿ ಕಟ್ಟಿದರಾಯ್ತು” ಅಂತಾರೆ. ಚರಂಡಿ ಹರಿಯೋಕೆ ಇಳಿಜಾರು ಬೇಕು. ಚೆನ್ನೈ ತಟ್ಟೆಯಂತೆ ಸಮತಟ್ಟು. ಭರತದ ಹೊತ್ತಿನಲ್ಲಿ ಸಮುದ್ರವೇ ನೀರನ್ನು ತಡೆಯುತ್ತದೆ. ಅಷ್ಟು ಹೊತ್ತು ಅದು ಎಲ್ಲಾದರೂ ಕಾಯಬೇಕು. ಕಾಯುವ ಆ ಜಾಗವೇ ಜೌಗು.

ಕಾಯುವಾಗ ನೀರು ಸೋಸಿಕೊಳ್ಳುತ್ತದೆ ಕೂಡ. ಜೊಂಡಿನ ನಡುವೆ ಹರಿವು ನಿಧಾನವಾಗಿ ಹೂಳು ತಳ ಸೇರುತ್ತದೆ. ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಹಾಗಂತ ಊರಿನ ಕೊಚ್ಚೆಯನ್ನೆಲ್ಲ ಅದಕ್ಕೇ ಬಿಡಬಾರದು. ಪ್ಲಾಸ್ಟಿಕ್ಕನ್ನಾಗಲಿ ಕಾರ್ಖಾನೆಯ ಸೀಸವನ್ನಾಗಲಿ ಅದು ಅರಗಿಸಿಕೊಳ್ಳದು. ವರ್ಷವಿಡೀ ಕೊಚ್ಚೆ ತುಂಬಿದ ಜೌಗಿಗೆ ಐಪ್ಪಸಿ ಮಳೆ ಬಂದಾಗ ಖಾಲಿ ಹೊಟ್ಟೆ ಎಲ್ಲಿರುತ್ತದೆ?

ಪಳ್ಳಿಕರಣೆಯಲ್ಲಿ ಉಳಿದದ್ದನ್ನು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಒಳ್ಳೆಯದೇ. ಆದರೆ ತುಂಬಿಸಿದ ನೆಲದ ಮೇಲಿನ ಮನೆಗಳನ್ನು ಕಿತ್ತು ಜೌಗನ್ನು ಮರಳಿ ತರುವವರು ಯಾರು?

ಅದಕ್ಕೇ ನಮ್ಮೂರಲ್ಲಿ ಲಾರಿ ಮಣ್ಣು ಸುರಿಯುವ ಮೊದಲೇ ಕೇಳಬೇಕು. ವಿ.ಎ.ಒ. ಹತ್ತಿರ ಹೋಗಿ, ಸರ್ವೆ ನಂಬರ್ ಹೇಳಿ, ಎ-ರಿಜಿಸ್ಟರಿನಲ್ಲಿ ಏನಿದೆ ನೋಡಿ. ಕೆರೆ, ಕುಂಟೆ, ಓಡೆ ಎಂದಿದ್ದರೆ ಅದು ಪಾಳು ಅಲ್ಲ, ನೀರಿನ ಜಾಗ. ಮೇಷ್ಟರು ಮಕ್ಕಳಿಂದ ಊರಿನ ನಕ್ಷೆಯಲ್ಲಿ ಅದಕ್ಕೆ ನೀಲಿ ಬಣ್ಣ ಹಚ್ಚಿಸಲಿ. ಆ ನೀಲಿಯ ಮೇಲೆ ಸೈಟು ಮಾರಲು ಬಂದವನಿಗೆ ಒಂದೇ ಪ್ರಶ್ನೆ: ಇಲ್ಲಿನ ನೀರನ್ನು ಯಾರ ಮನೆಗೆ ಕಳಿಸ್ತೀಯಪ್ಪಾ?